ಕಪ್ಪು ತಿಕ್ಕಿ ಬಿಳಿಯಾಗುವ ಯೋಜನೆ

ಮದುವೆ ಗೊತ್ತಾದ ಹುಡುಗರಿಗೆ ಈಗ ಹೊಸ ಚಿಂತೆ ಹತ್ತಿಕೊಂಡಿದೆ. ಛತ್ರ ಸಿಕ್ಕಿತು, ಅಡುಗೆಯವರು ಸಿಕ್ಕಿದರು, ಆದರೆ ಹಲ್ಲು ಫೋಟೋಗೆ ಸಾಲದು. ಅದಕ್ಕೆ ಬೆಳಗ್ಗೆ ಎದ್ದು ಬಾಯಿಗೆ ಇದ್ದಿಲು ಹಾಕಿಕೊಳ್ಳುತ್ತಾರೆ. ಮೊದಲು ಬಾಯಿ ಕಪ್ಪು, ಆಮೇಲೆ ಬೇಸಿನ್ ಕಪ್ಪು, ಕೊನೆಗೆ ಬೇಸಿನ್ ತೊಳೆಯುವ ಅಮ್ಮನ ಮುಖ ಕೆಂಪು. ಅಜ್ಜಿ ಒಲೆಯಿಂದ ಪುಕ್ಕಟೆ ತೆಗೆದುಕೊಡುತ್ತಿದ್ದಾಗ ಅದು ಹಳ್ಳಿ ಪದ್ಧತಿಯಾಗಿತ್ತು. ಪುದೀನ ವಾಸನೆ ಸೇರಿಸಿ, ಟ್ಯೂಬಿಗೆ ತುಂಬಿ, ನಾಲ್ಕು ಪಟ್ಟು ಬೆಲೆ ಹಾಕಿದ ಮೇಲೆ ವಿಜ್ಞಾನವಾಯಿತು.

ವಿಜ್ಞಾನ ಏನಂದರೆ, ಇದು ವಿಷ ಹೀರುತ್ತದಂತೆ. ಸುಳ್ಳಲ್ಲ. ವಿಷ ನುಂಗಿದವರಿಗೆ ಆಸ್ಪತ್ರೆಯಲ್ಲಿ ಇದ್ದಿಲಿನ ಪುಡಿ ಕುಡಿಸುತ್ತಾರೆ, ದೊಡ್ಡವರಿಗೆ ಸುಮಾರು 50 ಗ್ರಾಂ. ಅದು ಹೊಟ್ಟೆಯಲ್ಲಿ ಕೂತು ಕೆಲಸ ಮಾಡುತ್ತದೆ. ಬ್ರಷ್ ಮೇಲಿನ ಬಟಾಣಿಯಷ್ಟು ಪೇಸ್ಟು ಎರಡು ನಿಮಿಷ ಬಾಯಲ್ಲಿದ್ದು ಚರಂಡಿಗೆ ಹೋಗುತ್ತದೆ. ಅಷ್ಟರಲ್ಲಿ ಏನಾದರೂ ಹೀರಿದರೆ ಚರಂಡಿಗೆ ಲಾಭ. ಹಲ್ಲಿನ ಮೇಲಿಂದ ಕಾಫಿ, ಎಲೆಯಡಿಕೆಯ ಕಲೆ ಹೋಗುವುದು ಮುಖ್ಯವಾಗಿ ತಿಕ್ಕಾಟದಿಂದ. ತರಿತರಿಯಾದ ಯಾವ ಪುಡಿ ತಿಕ್ಕಿದರೂ ಅಷ್ಟು ಹೋಗುತ್ತದೆ. ಕೋಲಾರದ ಕಡೆ ಬೋರ್‌ವೆಲ್‌ ನೀರಿನ ಫ್ಲೋರೈಡಿನಿಂದ ಬಂದ ಕಂದು ಕಲೆ ಮಾತ್ರ ಎಷ್ಟು ತಿಕ್ಕಿದರೂ ಜಗ್ಗುವುದಿಲ್ಲ. ಅದು ಹಲ್ಲು ಬೆಳೆಯುವಾಗಲೇ ಒಳಗೆ ಸೇರಿಕೊಂಡ ಬಣ್ಣ.

ಇಲ್ಲೇ ಈ ಯೋಜನೆಯ ನಿಜವಾದ ಚಮತ್ಕಾರ ಇರುವುದು. ಹಲ್ಲಿನ ಮೇಲಿನ ಗಟ್ಟಿ ಪದರ ಎನಾಮಲ್. ದವಡೆ ಹಲ್ಲಿನ ತುದಿಯಲ್ಲಿ ಎರಡು, ಎರಡೂವರೆ ಮಿಲಿಮೀಟರ್ ದಪ್ಪ, ಒಸಡಿನ ಹತ್ತಿರ ಬರುತ್ತಾ ತೀರಾ ತೆಳು. ಅದನ್ನು ಕಟ್ಟಿದ ಜೀವಕೋಶಗಳು ಹಲ್ಲು ಹೊರಬರುವ ಹೊತ್ತಿಗೇ ಇಲ್ಲವಾಗಿರುತ್ತವೆ. ಮೆತ್ತಗಾದ ಎನಾಮಲನ್ನು ಜೊಲ್ಲು ಸ್ವಲ್ಪ ಗಟ್ಟಿ ಮಾಡೀತು. ಸವೆದದ್ದು ಸವೆದದ್ದೇ. ಅದರ ಕೆಳಗಿರುವ ಡೆಂಟಿನ್ ಹುಟ್ಟಾ ಹಳದಿ. ಅಂದರೆ ಬಿಳುಪಿಗಾಗಿ ಹಟ ಹಿಡಿದು ತಿಕ್ಕಿದಷ್ಟೂ ಹಳದಿ ಹತ್ತಿರ ಬರುತ್ತದೆ. ಹಳದಿ ಕಂಡವನು ಏನು ಮಾಡುತ್ತಾನೆ? ಇನ್ನೊಂದು ಟ್ಯೂಬ್ ತರುತ್ತಾನೆ. ಇಂಥ ಗಿರಾಕಿ ಯಾವ ವ್ಯಾಪಾರಕ್ಕೆ ಸಿಕ್ಕಾನು!

ಎಲ್ಲ ಇದ್ದಿಲು ಪೇಸ್ಟೂ ಒಂದೇ ಸಮ ಒರಟಲ್ಲ, ಕೆಲವು ಮೆತ್ತಗೂ ಇವೆ. ಯಾವುದು ಎಷ್ಟು ಒರಟು ಅನ್ನುವುದನ್ನು ಡಬ್ಬಿ ಮೇಲೆ ಬರೆಯುವ ರೂಢಿ ಇಲ್ಲ, ಅಷ್ಟೇ. ಅಮೆರಿಕದ ದಂತವೈದ್ಯರ ಸಂಘದ ಪತ್ರಿಕೆಯಲ್ಲಿ 2017ರಲ್ಲಿ ಬಂದ ಲೇಖನವೊಂದು ಆವರೆಗಿನ ಅಧ್ಯಯನಗಳನ್ನೆಲ್ಲ ತಡಕಾಡಿ ನೋಡಿತು. ಇದು ಸುರಕ್ಷಿತ ಅನ್ನುವುದಕ್ಕೂ, ಕೆಲಸ ಮಾಡುತ್ತದೆ ಅನ್ನುವುದಕ್ಕೂ ಸಾಕಷ್ಟು ಆಧಾರ ಸಿಗಲಿಲ್ಲ. ಹುಳುಕು ತಡೆಯುವ ಫ್ಲೋರೈಡ್ ಇಂಥ ಎಷ್ಟೋ ಟ್ಯೂಬುಗಳಲ್ಲಿ ಇರುವುದೇ ಇಲ್ಲ. ಹಿಂಬದಿಯ ಸಣ್ಣ ಅಕ್ಷರ ಓದಿದರೆ ಗೊತ್ತಾಗುತ್ತದೆ. ಆದರೆ ಹಿಂಬದಿ ಓದುವವನು ಮುಂಬದಿ ನೋಡಿ ಕೊಳ್ಳುತ್ತಿದ್ದನೇ?

ನಮ್ಮ ಮದುಮಗನಿಗೆ ಮೂರು ವಾರದಲ್ಲಿ ಹಲ್ಲು ಬೆಳ್ಳಗಾಗಲಿಲ್ಲ. ಹಳೆಯ ಫಿಲ್ಲಿಂಗಿನ ಅಂಚಿಗೆ ಇದ್ದಿಲು ಕೂತು ಕಪ್ಪು ಗೆರೆ ಬಂತು. ಆಗ ಬಂದವು ಬಿಳುಪಿನ ಸ್ಟ್ರಿಪ್‌ಗಳು. ಇವುಗಳ ದಾರಿ ಬೇರೆ. ಇವು ತಿಕ್ಕುವುದಿಲ್ಲ. ಪಟ್ಟಿಗೆ ಹಚ್ಚಿದ ಪೆರಾಕ್ಸೈಡ್ ಎನಾಮಲ್ ದಾಟಿ ಒಳಗಿನ ಬಣ್ಣವನ್ನು ಒಡೆಯುತ್ತದೆ. ಹಾಗಾಗಿ ಬಿಳುಪು ನಿಜವಾಗಿ ಬರುತ್ತದೆ. ಸಾಮಾನ್ಯವಾಗಿ ದಿನಕ್ಕೆ ಅರ್ಧ ಗಂಟೆಯಂತೆ ಎರಡು ವಾರ, ಆಮೇಲೆ ನಿಲ್ಲಿಸಬೇಕು. ಹಾಗೆ ಬಳಸಿದರೆ ಎನಾಮಲಿಗೆ ದೊಡ್ಡ ಪೆಟ್ಟು ಬಿದ್ದದ್ದು ಕಂಡಿಲ್ಲ. ಹಲ್ಲು ಜುಂ ಅನ್ನಬಹುದು, ಒಸಡು ಉರಿಯಬಹುದು, ಕೆಲವು ದಿನಕ್ಕೆ ಹೋಗುತ್ತದೆ.

ಆದರೆ ‘ನಿಲ್ಲಿಸಬೇಕು’ ಅನ್ನುವುದು ಯಾರಿಗೆ ರುಚಿಸುತ್ತದೆ? ಪಟ್ಟಿ ತೆಗೆದ ಕೂಡಲೇ ಹಲ್ಲು ಒಣಗಿರುವುದರಿಂದ ಜಾಸ್ತಿ ಬೆಳ್ಳಗೆ ಕಾಣುತ್ತದೆ, ನೀರಂಶ ಮರಳಿದರೆ ಸ್ವಲ್ಪ ಇಳಿಯುತ್ತದೆ. ಮದುಮಗ ಆ ಇಳಿತ ನೋಡಿ ಗಾಬರಿಯಾದ. ದಿನಕ್ಕೆ ಎರಡು ಸಲ ಅಂಟಿಸಿದ. ಅರ್ಧ ಗಂಟೆ ಒಂದೂವರೆ ಗಂಟೆಯಾಯಿತು. ನಡುವೆ ಇದ್ದಿಲೂ ಬಿಡಲಿಲ್ಲ, ಗಟ್ಟಿ ಬ್ರಷ್ಷೂ ಬಿಡಲಿಲ್ಲ. ಮುಂದಿನ ಹಲ್ಲಿನ ಕ್ಯಾಪ್ ಮಾತ್ರ ಹಳೇ ಬಣ್ಣದಲ್ಲೇ ನಿಂತಿತು, ಪೆರಾಕ್ಸೈಡ್ ಅದನ್ನು ಮುಟ್ಟುವುದಿಲ್ಲ. ಫೋಟೋದಲ್ಲಿ ಎದ್ದು ಕಂಡದ್ದು ಅದೇ. ಒಸಡಿನ ಹತ್ತಿರ ಉಗುರು ಎಡವುವಂಥ ಸಣ್ಣ ತೋಡು ಬಿತ್ತು. ಊಟದ ಪಂಕ್ತಿಯಲ್ಲಿ ಐಸ್‌ಕ್ರೀಮ್ ಬಂದಾಗ ಕಣ್ಣಲ್ಲಿ ನೀರು. ಹುಡುಗಿ ಕಡೆಯವರು ಅದನ್ನು ಆನಂದಬಾಷ್ಪ ಎಂದುಕೊಂಡರು.

ಯುರೋಪಿನಲ್ಲಿ 0.1%ಗಿಂತ ಹೆಚ್ಚು ಪೆರಾಕ್ಸೈಡ್ ಇರುವ ಬಿಳುಪಿನ ಸಾಮಾನನ್ನು ದಂತವೈದ್ಯರಿಗೆ ಮಾತ್ರ ಮಾರಬೇಕು, ಅದೂ 6% ದಾಟುವಂತಿಲ್ಲ. ಮೊದಲ ಸಲ ಅವರ ಕಣ್ಣೆದುರೇ ಬಳಸಬೇಕು, ಹದಿನೆಂಟು ತುಂಬದವರಿಗೆ ಇಲ್ಲ. ಪಾಪ, ಎಷ್ಟು ಕಷ್ಟ ಅಲ್ವಾ! ನಮ್ಮ ಮದುಮಗನಿಗೆ ಆ ಪಟ್ಟಿ ಆ್ಯಪಿನಲ್ಲಿ ತರಿಸಿದ ಕೊತ್ತಂಬರಿ ಸೊಪ್ಪಿನ ಜೊತೆ ಮನೆ ಬಾಗಿಲಿಗೇ ಬಂದಿತ್ತು. ಈಗ ಅದೇ ಆ್ಯಪು ಅವನಿಗೆ ಜುಂ ಅನ್ನುವ ಹಲ್ಲಿನ ಪೇಸ್ಟು ತೋರಿಸುತ್ತಿದೆ, ಎರಡು ಕೊಂಡರೆ ಒಂದು ಇದ್ದಿಲು ಬ್ರಷ್ ಉಚಿತ.