ಅಪ್ರದಕ್ಷಿಣೆಯ ಫಲ

ನಮ್ಮ ಮನೆಯ ಡ್ರಿಲ್ಲಿಂಗ್ ಮಷೀನಿನ ಚಕ್ಕು ಹಲ್ಲುದುರಿದ ಮುದುಕನಂತಾಗಿತ್ತು. ಚಕ್ಕೆಂದರೆ ಬಿಟ್ಟನ್ನು ಕಚ್ಚಿ ಹಿಡಿಯುವ ಮುಂಭಾಗದ ಬಾಯಿ. ಅದರ ಸುತ್ತಲಿನ ಹಲ್ಲುಗಳು ಸವೆದು ಹೋಗಿದ್ದರಿಂದ, ಬಿಗಿ ಮಾಡಲು ಹೋದಾಗಲೆಲ್ಲ ಚಾವಿ ಕರಕರನೆ ಜಾರಿ ನನ್ನ ಬೆರಳಿನ ಗೆಣ್ಣನ್ನು ಕೆತ್ತುತ್ತಿತ್ತು. ಪರದೆಯ ಕಂಬಿಗೆಂದು ಗೋಡೆ ಕೊರೆಯಲು ನಿಂತರೆ ಮಷೀನು ತಿರುಗುತ್ತಿತ್ತು, ಚಕ್ಕು ತಿರುಗುತ್ತಿತ್ತು, ಬಿಟ್ ಮಾತ್ರ ಗೋಡೆಯಲ್ಲಿ ಧ್ಯಾನಸ್ಥವಾಗಿ ನಿಂತಿರುತ್ತಿತ್ತು. ಹೊಸ ಮಷೀನು ಕೊಳ್ಳುವುದಕ್ಕಿಂತ ಹೊಸ ಚಕ್ಕು ಹಾಕುವುದು ಜಾಣತನವೆಂದು ತೀರ್ಮಾನಿಸಿ, ಹಳೆಯದರಷ್ಟೇ ಅಳತೆಯ, ಅಂದರೆ 13 ಮಿಲಿಮೀಟರ್ ಬಾಯಿಯ, ಅರ್ಧ ಇಂಚಿನ ತೂತಿನಲ್ಲಿ ಇಂಚಿಗೆ 20 ಸುತ್ತು ಥ್ರೆಡ್ ಇರುವ ಒಂದು ಚಕ್ಕನ್ನು ತಂದೆ. ಈ ಇಡೀ ಪ್ರಕರಣದಲ್ಲಿ ನಾನು ಸರಿಯಾಗಿ ಮಾಡಿದ ಕೆಲಸ ಅದೊಂದೇ.

ಚಕ್ಕು ಬಿಚ್ಚುವ ವಿಧಾನ ನನಗೆ ಗೊತ್ತಿತ್ತು. ಎಲ್ ಆಕಾರದ ದಪ್ಪನೆಯ ಆಲನ್ ಕೀಯ ಗಿಡ್ಡ ತುದಿಯನ್ನು ಚಕ್ಕಿನ ಬಾಯಿಗೆ ಕೊಟ್ಟು ಬಿಗಿ ಮಾಡಿ, ಉದ್ದನೆಯ ತೋಳಿಗೆ ಸುತ್ತಿಗೆಯಿಂದ ಒಂದು ಚುರುಕಾದ ಪೆಟ್ಟು ಹಾಕಿದರೆ, ಚಕ್ಕು ಅಪ್ರದಕ್ಷಿಣವಾಗಿ ತಿರುಗಿ ಸಡಿಲವಾಗುತ್ತದೆ. ನಾನು ಒಂದಲ್ಲ, ಇಪ್ಪತ್ತು ಪೆಟ್ಟು ಹಾಕಿದೆ. ಕೆಳಗಿನ ಮನೆಯವರು ಮೇಲೆ ಬಂದು, ಗೋಡೆ ಒಡೆಸುತ್ತಿದ್ದೀರಾ ಎಂದು ವಿಚಾರಿಸಿ ಹೋದರು. ಚಕ್ಕು ಕದಲಲಿಲ್ಲ.

ಆಗ ನನ್ನ ಹೆಂಡತಿ ಆಲನ್ ಕೀ ತೆಗೆಸಿ, ಚಕ್ಕಿನ ಬಾಯಿಯನ್ನು ಪೂರ್ತಿ ಅಗಲಿಸಿ, ಮಷೀನನ್ನು ಕವುಚಿ ಹಿಡಿದು ಕುಟ್ಟಿದಳು. ಹನ್ನೆರಡು ವರ್ಷಗಳ ಗೋಡೆಪುಡಿ, ಕೆಂಪು ಇಟ್ಟಿಗೆಯದು ಒಂದು ಪದರ, ಸಿಮೆಂಟಿನದು ಒಂದು ಪದರ, ನೆಲದ ಮೇಲೆ ಉದುರಿತು. ಮೊಬೈಲಿನ ಟಾರ್ಚ್ ಹಾಕಿ ಒಳಗೆ ನೋಡಿದವಳು, "ರೀ, ತಳದಲ್ಲಿ ಒಂದು ಸ್ಕ್ರೂ ಇದೆಯಲ್ಲ, ಅದನ್ನು ಬಿಚ್ಚಿದಿರಾ?" ಎಂದು ಕೇಳಿದಳು. ಬಿಚ್ಚುವ ಮಾತಿರಲಿ, ಅಂಥದ್ದೊಂದು ಇದೆಯೆಂಬುದೇ ನನಗೆ ಗೊತ್ತಿರಲಿಲ್ಲ. ಆದರೂ, "ಅದೇ ಮುಂದಿನ ಹಂತ" ಎಂದೆ.

ಮುಂದಿನ ಹಂತ ಎರಡು ದಿನ ನಡೆಯಿತು. ಸ್ಕ್ರೂ ಎಂದ ಮೇಲೆ ಎಡಕ್ಕೆ ತಿರುಗಿಸಿದರೆ ಬಿಚ್ಚಬೇಕು ಎಂಬುದು ಎಂಟನೆಯ ವಯಸ್ಸಿನಿಂದ ನಾನು ನಂಬಿಕೊಂಡು ಬಂದ ಸತ್ಯ. ಎಡಕ್ಕೆ ತಿರುಗಿಸಿದೆ. ಬರಲಿಲ್ಲ. ತುಕ್ಕು ಹಿಡಿದಿರಬೇಕೆಂದು ಹೊಲಿಗೆ ಯಂತ್ರದ ಎಣ್ಣೆ ಬಿಟ್ಟು ರಾತ್ರಿಯಿಡೀ ನೆನೆಸಿ, ಬೆಳಿಗ್ಗೆ ಮತ್ತೆ ಎಡಕ್ಕೆ ತಿರುಗಿಸಿದೆ. ಬರಲಿಲ್ಲ. ಉದ್ದನೆಯ ಸ್ಕ್ರೂಡ್ರೈವರಿನ ಕಾಂಡಕ್ಕೆ ಸ್ಪ್ಯಾನರ್ ಕಚ್ಚಿಸಿ, ಹಲ್ಲು ಕಚ್ಚಿ, ಇಡೀ ಮೈಭಾರ ಬಿಟ್ಟು ತಿರುಗಿಸಿದೆ. ಈ ಸಲ ಏನೋ ತಿರುಗಿತು. ನನಗಾದ ಆನಂದ ಅರೆಕ್ಷಣ ಉಳಿಯಿತು. ತಿರುಗಿದ್ದು ಸ್ಕ್ರೂ ಅಲ್ಲ, ಸ್ಕ್ರೂಡ್ರೈವರಿನ ತುದಿ ಮಾತ್ರ. ಒಳಗೆ ಇಣುಕಿದಾಗ ಸ್ಕ್ರೂವಿನ ತಲೆಯ ಮೇಲಿದ್ದ ಕೂಡು ಗುರುತಿನಂಥ ಗೀರು ಗುಂಡಗಾಗಿ, ಚಮಚದಲ್ಲಿ ಕೆರೆದ ಬೆಲ್ಲದಚ್ಚಿನಂತೆ ಹೊಳೆಯುತ್ತಿತ್ತು.

ಎದುರು ಮನೆಯಲ್ಲಿ, ಮೂವತ್ತು ವರ್ಷ ಲೇತ್ ಮಷೀನಿನ ಮುಂದೆ ನಿಂತು ನಿವೃತ್ತರಾದ ಹಿರಿಯರೊಬ್ಬರಿದ್ದಾರೆ. ಅವರು ಮಷೀನನ್ನು ಕೈಗೆ ತೆಗೆದುಕೊಂಡು ನೋಡಿದವರು ನನ್ನ ಕಥೆಯನ್ನು ಕೇಳಲೇ ಇಲ್ಲ. "ಸ್ವಾಮಿ, ಇದು ಹಿಂದಕ್ಕೂ ತಿರುಗುತ್ತದೆಯೇ?" ಎಂದಷ್ಟೇ ಕೇಳಿದರು. ತಿರುಗುತ್ತದೆ ಎಂದೆ. "ಹಾಗಾದರೆ ಒಳಗಿನದು ಎಡ ಥ್ರೆಡ್ಡಿನ ಸ್ಕ್ರೂ. ನೀವು ಎರಡು ದಿನದಿಂದ ಬಿಗಿ ಮಾಡುತ್ತಿದ್ದೀರಿ" ಎಂದು ಬಹಳ ಮರ್ಯಾದೆಯಿಂದ ಹೇಳಿದರು.

ಸಂಗತಿ ಹೀಗಿದೆ. ಚಕ್ಕು ಮಷೀನಿನೊಳಗಿಂದ ಹೊರಚಾಚಿ ತಿರುಗುವ ಕಡ್ಡಿಗೆ ಕೂತಿರುವುದು ಎಲ್ಲ ಬೋಲ್ಟುಗಳಂಥ ಸಾಮಾನ್ಯ ಬಲ ಥ್ರೆಡ್ಡಿನಲ್ಲೇ. ಮಷೀನು ಮುಂದಕ್ಕೆ ಓಡುವಾಗ ಬಿಟ್ಟಿಗೆ ಸಿಗುವ ತಡೆ ಚಕ್ಕನ್ನು ಕಡ್ಡಿಯ ಮೇಲೆ ಇನ್ನಷ್ಟು ಬಿಗಿ ಮಾಡುತ್ತದೆ. ಆದ್ದರಿಂದ ಮುಂದಕ್ಕೆ ಮಾತ್ರ ತಿರುಗುವ ಮಷೀನಿಗೆ ಒಳಗಿನ ಸ್ಕ್ರೂವಿನ ಅಗತ್ಯ ಅಷ್ಟಾಗಿ ಇಲ್ಲ. ಹಿಂದಕ್ಕೆ ತಿರುಗಿಸಿದಾಗ ಅದೇ ತಡೆ ಚಕ್ಕನ್ನು ಬಿಚ್ಚಲು ನೋಡುತ್ತದೆ. ಹಾಗೆ ಬಿಚ್ಚಿಕೊಳ್ಳಲು ಹೊರಟ ಚಕ್ಕು ತನ್ನ ತಳಕ್ಕೆ ಅಂಟಿಕೊಂಡು ಕಡ್ಡಿಯೊಳಕ್ಕೆ ಇಳಿದಿರುವ ಸ್ಕ್ರೂವಿನ ತಲೆಯನ್ನೂ ಜೊತೆಗೆ ಎಡಕ್ಕೆ ಎಳೆಯುತ್ತದೆ, ಮತ್ತು ಆ ಸ್ಕ್ರೂ ಎಡ ಥ್ರೆಡ್ಡಿನದಾದ್ದರಿಂದ ಎಡಕ್ಕೆ ಎಳೆದಷ್ಟೂ ಬಿಗಿಯಾಗಿ ಚಕ್ಕನ್ನು ಅಲ್ಲೇ ಒತ್ತಿ ಹಿಡಿಯುತ್ತದೆ. ಸಾಮಾನ್ಯ ಸ್ಕ್ರೂ ಆಗಿದ್ದರೆ ಚಕ್ಕಿನ ಜೊತೆ ತಾನೂ ಸಡಿಲಗೊಂಡು ಹೊರಡುತ್ತಿತ್ತು. ಅಂದರೆ ನಾನು ಸುತ್ತಿಗೆಯಲ್ಲಿ ಹಾಕಿದ ಇಪ್ಪತ್ತು ಪೆಟ್ಟುಗಳೂ ಆ ಸ್ಕ್ರೂವನ್ನು ಬಿಗಿ ಮಾಡಿದ್ದವು. ಆಮೇಲೆ ಸ್ಪ್ಯಾನರ್ ಹಾಕಿ ಸುರಿಸಿದ ಬೆವರೂ ಅದನ್ನೇ ಬಿಗಿ ಮಾಡಿತ್ತು. ಸೈಕಲ್ಲಿನ ಎಡ ಪೆಡಲಿನದೂ ಇದೇ ಜಾತಿಯ ಥ್ರೆಡ್ಡೆಂದು ಅವರು ನೆನಪಿಸಿದರು. ಹುಡುಗನಾಗಿದ್ದಾಗ ಆ ಪೆಡಲನ್ನೂ ನಾನು ಹೀಗೆಯೇ ಹಾಳು ಮಾಡಿದ್ದೆನೆಂಬುದನ್ನು ಅವರಿಗೆ ಹೇಳಲಿಲ್ಲ.

ತಲೆ ಸವೆದ ಸ್ಕ್ರೂವನ್ನು ಈಗ ಬಲಕ್ಕೆ ತಿರುಗಿಸಲು ಹಿಡಿತವೇ ಇರಲಿಲ್ಲ. ಮುರಿದ ಸ್ಕ್ರೂ ಎಬ್ಬಿಸಲೆಂದೇ ಅಂಗಡಿಯಲ್ಲಿ ಸಿಗುವ ಸಾಧನವನ್ನು ತರಲೇ ಎಂದೆ. ಬೇಡವೆಂದರು, ಅದು ಎಡಕ್ಕೆ ತಿರುಗುತ್ತ ಕಚ್ಚಿಕೊಳ್ಳುವಂಥದ್ದು, ಇಲ್ಲಿ ನನ್ನ ಕೆಲಸವನ್ನೇ ಇನ್ನಷ್ಟು ಅಚ್ಚುಕಟ್ಟಾಗಿ ಮುಂದುವರಿಸುತ್ತದೆ. ಅದರ ಬದಲು ತಮ್ಮ ಮಷೀನನ್ನು ತಂದು, 4 ಮಿಲಿಮೀಟರಿನ ಉದ್ದನೆಯ ಕಬ್ಬಿಣ ಕೊರೆಯುವ ಬಿಟ್ ಹಾಕಿ, ನನ್ನ ಮಷೀನನ್ನು ವೈಸಿಗೆ ಕಚ್ಚಿಸಿದರು. ಚಕ್ಕು ತಿರುಗದಂತೆ ಪೈಪ್ ರೆಂಚಿನಲ್ಲಿ ಹಿಡಿಯುವ ಜವಾಬ್ದಾರಿ ನನಗೆ ಬಂತು. ಅವರು ಸ್ಕ್ರೂವಿನ ತಲೆಯ ನಡುವೆ ನಿಧಾನ ವೇಗದಲ್ಲಿ ಕೊರೆಯತೊಡಗಿದರು. ಬಿಟ್ ಕೊರೆಯುವುದೇ ಪ್ರದಕ್ಷಿಣವಾಗಿ, ಈ ಸ್ಕ್ರೂ ಬಿಚ್ಚುವುದೂ ಪ್ರದಕ್ಷಿಣವಾಗಿಯೇ. ಉಕ್ಕಿನ ಸುರುಳಿಗಳು ಒಂದೆರಡು ಹೊರಬಂದವು, ಬಿಟ್ ಒಮ್ಮೆ ಗಕ್ಕನೆ ಕಚ್ಚಿಕೊಂಡಿತು, ಮತ್ತು ಎರಡು ದಿನ ನನ್ನನ್ನು ಸತಾಯಿಸಿದ ಆ ಸ್ಕ್ರೂ, ಬಿಟ್ಟಿನ ತುದಿಗೆ ಅಂಟಿಕೊಂಡು, ತಾನಾಗಿಯೇ ತಿರುಗುತ್ತ ಹೊರಗೆ ನಡೆದು ಬಂತು. ಆಮೇಲೆ ಆಲನ್ ಕೀಗೆ ಹಾಕಿದ ಎರಡನೆಯ ಪೆಟ್ಟಿಗೆ ಚಕ್ಕೂ ಎಡಕ್ಕೆ ತಿರುಗಿ ಕೈಗೆ ಬಂತು.

ಹೊಸ ಚಕ್ಕನ್ನು ಕೈಯಲ್ಲೇ ತಿರುಗಿಸಿ ಕೂರಿಸಿದೆ. ಅದರ ಪೊಟ್ಟಣದಲ್ಲಿ ಸ್ಕ್ರೂ ಇರಲಿಲ್ಲ, ಹಳೆಯದರ ನಡುವೆ ತೂತು ಬಿದ್ದಿತ್ತು. ಎಡ ಥ್ರೆಡ್ಡಿನ ಸ್ಕ್ರೂ ಬೇಕೆಂದು ಮೂರು ಹಾರ್ಡ್‌ವೇರ್ ಅಂಗಡಿಗಳಲ್ಲಿ ಕೇಳಿದೆ. ಮೂರನೆಯ ಅಂಗಡಿಯವರು, "ಎಡಗೈಯಲ್ಲಿ ತಿರುಗಿಸಿದರೆ ಎಲ್ಲವೂ ಎಡ ಥ್ರೆಡ್ಡೇ ಸಾರ್" ಎಂದು ನಕ್ಕರು. ಮುಂದಕ್ಕೆ ಓಡಿಸುವಾಗ ಸ್ಕ್ರೂ ಬೇಕಿಲ್ಲವೆಂದು ಹಿರಿಯರೇ ಹೇಳಿದ್ದರಲ್ಲ ಎಂದು ಧೈರ್ಯ ತಂದುಕೊಂಡು, ಹಾಗೆಯೇ ಪರದೆಯ ಕಂಬಿಗೆ ತೂತು ಕೊರೆಯಲು ನಿಂತೆ.

ಮೊದಲ ತೂತು ಸೊಗಸಾಗಿ ಬಂತು. ಎರಡನೆಯದರಲ್ಲಿ ಬಿಟ್ ಕಾಂಕ್ರೀಟಿನ ತೊಲೆಯೊಳಗೆ ಸಿಕ್ಕಿಹಾಕಿಕೊಂಡಿತು. ಹೊರಗೆಳೆಯಲೆಂದು ಮಷೀನನ್ನು ಹಿಂದಕ್ಕೆ ತಿರುಗಿಸಿ ಗುಂಡಿ ಒತ್ತಿದೆ. ಮಷೀನು ಬಹಳ ಸುಲಭವಾಗಿ ನನ್ನ ಕೈಗೆ ಬಂತು. ಬಿಟ್ಟೂ, ಅದನ್ನು ಬಲವಾಗಿ ಕಚ್ಚಿ ಹಿಡಿದ ಹೊಚ್ಚಹೊಸ ಚಕ್ಕೂ ಗೋಡೆಯಲ್ಲೇ ಉಳಿದವು. ಈಗ ನನ್ನ ಹೆಂಡತಿ ಅದಕ್ಕೆ ತರಕಾರಿಯ ಕೈಚೀಲ ತೂಗು ಹಾಕುತ್ತಾಳೆ.