ಕಜ್ಜಿಗೆ ಮೂರನೇ ಟ್ಯೂಬ್ ಬೇಡ

ಕಜ್ಜಿಗೆ ಒಬ್ಬರ ಹೆಸರಿನಲ್ಲಿ ಒಂದೇ ಟ್ಯೂಬ್ ಕ್ರೀಮ್ ಬರೆದ ಚೀಟಿ ನೋಡಿದರೆ ನನಗೆ ಸಿಟ್ಟು ಬರುತ್ತದೆ. ಮೆಡಿಕಲ್ ಶಾಪ್ ಇಟ್ಟುಕೊಂಡವನು ಹೀಗೆ ಹೇಳಿದರೆ ಜಾಸ್ತಿ ಟ್ಯೂಬ್ ಮಾರೋ ಆಸೆ ಅಂತ ಅಂದುಕೊಳ್ಳಬೇಡಿ. ಅದೇ ಮನೆಯವರು ಆಮೇಲೆ ಒಬ್ಬೊಬ್ಬರಿಗೆ ಮೂರನೇ, ನಾಲ್ಕನೇ ಟ್ಯೂಬ್ ಕೇಳಿಕೊಂಡು ಬಂದರೆ ಕೊಡಲ್ಲ ಅನ್ನುವವನೂ ನಾನೇ. ಮೊದಲು ಕಡಿಮೆ ಹಚ್ಚುತ್ತಾರೆ, ಕೊನೆಗೆ ಸುಮ್ನೆ ಜಾಸ್ತಿ ಹಚ್ಚುತ್ತಾರೆ. ಎರಡೂ ಯಾಕೆ ತಪ್ಪು ಅನ್ನೋದಕ್ಕೆ ನನ್ನ ಅಂಗಡಿಗೆ ಬರುವ ಒಂದು ಮನೆಯ ಕಥೆ ಹೇಳುತ್ತೇನೆ.

ಮನೆಯಲ್ಲಿ ಐದು ಜನ. ಅಪ್ಪ, ಅಮ್ಮ, ಅಜ್ಜಿ, ಹಾಸ್ಟೆಲ್‌ನಲ್ಲಿ ಎಂಟನೇ ಕ್ಲಾಸು ಓದುವ ಹುಡುಗ, ಮೂರು ವರ್ಷದ ತಂಗಿ. ಹುಡುಗ ಏಪ್ರಿಲ್‌ನಲ್ಲಿ ಬೇಸಿಗೆ ರಜೆಗೆ ಬಂದಾಗಲೇ ಕೆರೆದುಕೊಳ್ಳುತ್ತಿದ್ದ. ಮಾವಿನಹಣ್ಣು ತಿಂದು ಉಷ್ಣ ಆಗಿದೆ ಅಂದರು ಅಜ್ಜಿ. ಬೆವರುಸಾಲೆ ಅಂದರು ಅಪ್ಪ. ಯಾರೋ ಹೇಳಿದರು ಅಂತ ಎಲ್ಲಿಂದಲೋ ಒಂದು ಕ್ರೀಮ್ ತಂದು ಹಚ್ಚಿದರು. ಅದರಲ್ಲಿ ಜೋರಾದ ಸ್ಟೀರಾಯ್ಡ್ ಇತ್ತು. ಕೆಂಪು ಇಳಿಯಿತು, ತುರಿಕೆ ನಾಲ್ಕು ದಿನ ತಗ್ಗಿತು, ಎಲ್ಲರಿಗೂ ಸಮಾಧಾನ. ಆದರೆ ಕಜ್ಜಿ ಬರೋದು ಚರ್ಮದೊಳಗೆ ಸೇರುವ ಸಣ್ಣ ಹುಳದಿಂದ, ಸ್ಟೀರಾಯ್ಡ್ ಆ ಹುಳವನ್ನು ಕೊಲ್ಲುವುದಿಲ್ಲ. ಚರ್ಮದ ಸಿಟ್ಟನ್ನು ಮಾತ್ರ ಅಡಗಿಸುತ್ತದೆ. ಗುಳ್ಳೆಗಳ ರೂಪವೇ ಬದಲಾಗಿ, ಆಮೇಲೆ ನೋಡುವ ಡಾಕ್ಟರಿಗೂ ಇದು ಕಜ್ಜಿ ಅಂತ ಗುರುತಿಸೋದು ಕಷ್ಟವಾಗುತ್ತದೆ. ಅಷ್ಟು ಹೊತ್ತಿಗೆ ಒಳಗೆ ಸಂಸಾರ ಬೆಳೆದಿರುತ್ತದೆ.

ಆ ಸಂಸಾರದ ಲೆಕ್ಕ ಹೀಗಿದೆ. ಕಜ್ಜಿಯ ಹೆಣ್ಣು ಹುಳ ಅರ್ಧ ಮಿಲಿಮೀಟರ್ ಕೂಡ ಇರುವುದಿಲ್ಲ, ಬರಿಗಣ್ಣಿಗೆ ಕಂಡರೆ ಒಂದು ಬಿಳಿ ಚುಕ್ಕೆ ಅಷ್ಟೇ. ಅದು ರಕ್ತ ಹೀರುವುದಿಲ್ಲ. ಚರ್ಮದ ಮೇಲಿನ ಸತ್ತ ಪದರವನ್ನು ತನ್ನ ಎಂಜಲಿನಿಂದ ಕರಗಿಸಿಕೊಂಡು ಒಂದು ಗಂಟೆಯೊಳಗೆ ಒಳಗೆ ಸೇರಿಬಿಡುತ್ತದೆ. ಅಲ್ಲಿಂದ ಮುಂದೆ ಅಡ್ಡಕ್ಕೆ ಕೊರೆಯುತ್ತಾ ಹೋಗುತ್ತದೆ. ಹಿಂದೆ ದಿನಕ್ಕೆ ಎರಡು ಮೂರು ಮೊಟ್ಟೆ, ಜೊತೆಗೆ ಹಿಕ್ಕೆ. ಹೀಗೆ ಒಂದರಿಂದ ಎರಡು ತಿಂಗಳು ಬದುಕುತ್ತದೆ. ಮೊಟ್ಟೆ ಮೂರು ನಾಲ್ಕು ದಿನದಲ್ಲಿ ಒಡೆದು, ಮರಿ ಎರಡು ವಾರದೊಳಗೆ ದೊಡ್ಡದಾಗುತ್ತದೆ. ಆ ಬಿಲ ಬೆರಳ ಸಂದಿಯಲ್ಲಿ, ಮಣಿಕಟ್ಟಿನ ಒಳಬದಿಯಲ್ಲಿ ಸಣ್ಣ ಅಂಕುಡೊಂಕು ಗೆರೆಯ ಹಾಗೆ ಕಾಣುತ್ತದೆ. ಕಾಣದಿದ್ದರೆ ಕೆಲವು ಡಾಕ್ಟರುಗಳು ಶಾಯಿ ಸವರಿ, ಸ್ಪಿರಿಟ್ ಹತ್ತಿಯಿಂದ ಒರೆಸುತ್ತಾರೆ. ಮೇಲಿನ ಶಾಯಿ ಹೋಗುತ್ತದೆ, ಬಿಲದೊಳಗೆ ಇಳಿದದ್ದು ಗೆರೆಯಾಗಿ ಉಳಿಯುತ್ತದೆ.

ಮೈತುಂಬ ಗುಳ್ಳೆ ಎದ್ದವನ ಮೈಮೇಲೆ ಹುಳ ಎಷ್ಟಿರಬಹುದು ಅಂದುಕೊಂಡಿದ್ದೀರಿ? ಸಾಮಾನ್ಯವಾಗಿ ಹತ್ತು ಹದಿನೈದು. ಅಷ್ಟೇ. ಉಳಿದದ್ದೆಲ್ಲ ನಮ್ಮದೇ ಮೈಯ ಕಿತಾಪತಿ. ಹುಳದ ಎಂಜಲು, ಹಿಕ್ಕೆ, ಮೊಟ್ಟೆ ಇವುಗಳಿಗೆ ಮೈ ಅಲರ್ಜಿ ತೋರಿಸುತ್ತದೆ, ಹುಳವೇ ಇಲ್ಲದ ಕಡೆಯೂ ಗುಳ್ಳೆ ಏಳುತ್ತವೆ. ತುರಿಕೆ ರಾತ್ರಿ ಜಾಸ್ತಿ ಆಗೋದಕ್ಕೂ ಕಾರಣ ಇದೆ. ಹೊದ್ದು ಮಲಗಿದಾಗ ಮೈ ಬೆಚ್ಚಗಾಗುತ್ತದೆ, ಬಿಸಿಗೆ ಹುಳ ಚುರುಕಾಗುತ್ತದೆ, ಚರ್ಮದ ತುರಿಕೆಯೂ ಏರುತ್ತದೆ. ಹಗಲಲ್ಲಾದರೆ ಕೆಲಸದ ಗಲಾಟೆಯಲ್ಲಿ ಅರ್ಧ ಗೊತ್ತೇ ಆಗಲ್ಲ. ರಾತ್ರಿ ನಿದ್ದೆ ಕೆಡಿಸುವ ತುರಿಕೆ, ಮನೆಯಲ್ಲಿ ಇನ್ನೊಬ್ಬರಿಗೂ ಅದೇ ಕಾಟ. ಇವೆರಡೂ ಒಟ್ಟಿಗಿದ್ದರೆ ಮೊದಲು ಕಜ್ಜಿಯನ್ನೇ ಅನುಮಾನಿಸಬೇಕು.

ಆ ಮನೆಯಲ್ಲಿ ಹಾಗೇ ಆಯಿತು. ಮೇ ನಡುವಿನ ಹೊತ್ತಿಗೆ ಅಮ್ಮನಿಗೂ ಪುಟ್ಟಿಗೂ ಶುರುವಾಯಿತು. ಪುಟ್ಟಿಗೆ ಅಂಗೈ ಅಂಗಾಲಲ್ಲೂ ಗುಳ್ಳೆ. ಅಪ್ಪನಿಗೆ, ಅಜ್ಜಿಗೆ ಏನೂ ಇಲ್ಲ. ಈ ನಡುವೆ ಹುಡುಗನನ್ನು ಡಾಕ್ಟರಿಗೆ ತೋರಿಸಿ, ಅವನೊಬ್ಬನಿಗೇ ಹುಳ ಕೊಲ್ಲುವ ಪರ್ಮೆಥ್ರಿನ್ 5% ಕ್ರೀಮಿನ ಒಂದು ಟ್ಯೂಬ್ ಬರೆಸಿಕೊಂಡು ಹಚ್ಚಿದ್ದೂ ಆಗಿತ್ತು. ತುರಿಕೆ ಸುಮಾರು ಇಳಿದು ಮತ್ತೆ ಜೋರಾಗಿ ಬಂತು. "ಈ ಔಷಧಿ ನಾಟ್ತಾ ಇಲ್ಲ ಅಣ್ಣ, ಬೇರೆ ಕಂಪನಿದು ಕೊಡಿ" ಅಂತ ಅಮ್ಮ ನನ್ನ ಹತ್ತಿರ ಬಂದರು.

ಕಂಪನಿಯ ತಪ್ಪೇನೂ ಇರಲಿಲ್ಲ. ಮೊದಲ ಸಲ ಹುಳ ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮೈಗೆ ಆ ಅಲರ್ಜಿ ಬರೋವರೆಗೂ ಏನೂ ಗೊತ್ತಾಗುವುದಿಲ್ಲ. ಆದರೆ ಅಷ್ಟು ದಿನವೂ ಅವರಿಂದ ಬೇರೆಯವರಿಗೆ ಹರಡುತ್ತಿರುತ್ತದೆ. ಒಮ್ಮೆ ಅಲರ್ಜಿ ಬಂದ ಮೈಗೆ ಮತ್ತೆ ಹುಳ ಹತ್ತಿದರೆ ಒಂದರಿಂದ ನಾಲ್ಕು ದಿನದಲ್ಲೇ ತುರಿಕೆ. ಹುಡುಗ ಗುಣವಾಗಿ, ಅಮ್ಮನ ಪಕ್ಕ ಮಲಗಿ, ಮತ್ತೆ ಅಂಟಿಸಿಕೊಂಡಿದ್ದ. "ನಂಗೇನೂ ಇಲ್ವಲ್ಲ, ನಾನ್ಯಾಕೆ ಹಚ್ಚಲಿ" ಅನ್ನುವ ಅಪ್ಪಂದಿರೇ ಹೆಚ್ಚಿನ ಮನೆಗಳಲ್ಲಿ ಇಡೀ ಚಿಕಿತ್ಸೆಯನ್ನು ಹಾಳು ಮಾಡುವುದು.

ಚರ್ಮದ ಡಾಕ್ಟರು ಈ ಸಲ ಐದೂ ಜನಕ್ಕೆ ಬರೆದುಕೊಟ್ಟರು. ದೊಡ್ಡವರಿಗೆ ಒಂದು ಸಲಕ್ಕೆ 30 ಗ್ರಾಂನ ಒಂದು ಪೂರ್ತಿ ಟ್ಯೂಬ್ ಬೇಕು. ಹುಡುಗನಿಗೂ ಅಷ್ಟೇ, ಪುಟ್ಟಿಗೆ ಅರ್ಧ. ಒಂದು ಸುತ್ತಿಗೆ ನಾಲ್ಕೂವರೆ ಟ್ಯೂಬ್, ಎರಡು ಸುತ್ತಿಗೆ ಒಂಬತ್ತು. ದುಡ್ಡು ಆಗುತ್ತೆ, ನಿಜ. ಒಬ್ಬೊಬ್ಬರಿಗೆ ಒಂದೊಂದು ವಾರ ಹಚ್ಚುತ್ತಾ ಮೂರು ತಿಂಗಳು ಎಳೆದರೆ ಇನ್ನೂ ಜಾಸ್ತಿ ಆಗುತ್ತೆ.

ಹಚ್ಚೋದರಲ್ಲೂ ತಪ್ಪುಗಳು ಬಹಳ. ತುರಿಸುವ ಕಡೆ ಮಾತ್ರ ಸವರಿದರೆ ಏನೂ ಪ್ರಯೋಜನವಿಲ್ಲ. ಕುತ್ತಿಗೆಯಿಂದ ಅಂಗಾಲಿನವರೆಗೆ ಒಂದಿಂಚೂ ಬಿಡದೆ ಹಚ್ಚಬೇಕು. ಬೆರಳ ಸಂದಿ, ಉಗುರಿನ ಅಡಿ, ಕಂಕುಳು, ಹೊಕ್ಕುಳು, ಉಡಿದಾರದ ಜಾಗ, ಗುಪ್ತಾಂಗ, ಕುಂಡೆಯ ಸೀಳು, ಎಲ್ಲ. ಚಿಕ್ಕ ಮಕ್ಕಳಿಗೆ, ವಯಸ್ಸಾದವರಿಗೆ ತಲೆ, ಕಿವಿಯ ಹಿಂದೆ, ಮುಖಕ್ಕೂ ಹಚ್ಚಲು ಹೇಳುತ್ತಾರೆ, ಕಣ್ಣು ಬಾಯಿಯ ಸುತ್ತ ಬಿಟ್ಟು. ಬಿಸಿನೀರು ಸ್ನಾನ ಮಾಡಿದ ಕೂಡಲೇ ಹಚ್ಚಬಾರದು, ಮೈ ಒಣಗಿ ತಣ್ಣಗಾಗಿರಬೇಕು. ರಾತ್ರಿ ಹಚ್ಚಿ, 8ರಿಂದ 14 ಗಂಟೆ ಬಿಟ್ಟು, ಬೆಳಿಗ್ಗೆ ತೊಳೆದುಕೊಳ್ಳುವುದು. ಮಧ್ಯೆ ಕೈ ತೊಳೆದರೆ ಕೈಗೆ ಮತ್ತೆ ಹಚ್ಚಬೇಕು. ಇದನ್ನು ಮಾತ್ರ ಎಲ್ಲರೂ ಮರೆಯುತ್ತಾರೆ, ಹುಳಕ್ಕೆ ಇಷ್ಟದ ಜಾಗವೇ ಕೈ. ಒಂದು ವಾರ ಬಿಟ್ಟು ಮತ್ತೆ ಎಲ್ಲರೂ, ಒಂದೇ ರಾತ್ರಿ. ಮೊದಲ ಸಲ ತಪ್ಪಿಸಿಕೊಂಡದ್ದು, ಮೊಟ್ಟೆಯಿಂದ ಆಮೇಲೆ ಹೊರಬಂದದ್ದು ಇವಕ್ಕಾಗಿ ಈ ಎರಡನೇ ಸುತ್ತು. ಕಜ್ಜಿಗೆ ಕೊಡುವ ಐವರ್ಮೆಕ್ಟಿನ್ ಮಾತ್ರೆಯಂತೂ ಮೊಟ್ಟೆಯನ್ನು ಕೊಲ್ಲುವುದೇ ಇಲ್ಲ, ಅದಕ್ಕೇ ಅದನ್ನೂ ಎರಡು ಸಲ ಕೊಡುವುದು. ಗರ್ಭಿಣಿಯರಿಗೆ, 15 ಕೆಜಿಗಿಂತ ಕಡಿಮೆ ತೂಕದ ಮಕ್ಕಳಿಗೆ ಆ ಮಾತ್ರೆ ಕೊಡುವುದಿಲ್ಲ. ಪಕ್ಕದ ಮನೆಯವರ ಚೀಟಿ ತೋರಿಸಿ ಕೇಳಬೇಡಿ ದಯವಿಟ್ಟು.

ಅಜ್ಜಿ ಹಾಸಿಗೆ ಸುಟ್ಟುಬಿಡಿ ಅಂದರಂತೆ. ಪಾಪ, ಹತ್ತಿ ಹಾಸಿಗೆ. ಎರಡನೇ ಮಹಾಯುದ್ಧದ ಹೊತ್ತಿನಲ್ಲಿ ಇಂಗ್ಲೆಂಡಿನ ಶೆಫೀಲ್ಡ್‌ನಲ್ಲಿ ಕೆನೆತ್ ಮೆಲನ್‌ಬಿ ಅನ್ನುವ ವಿಜ್ಞಾನಿ ಇದನ್ನು ಪರೀಕ್ಷೆ ಮಾಡಿದ್ದರು. ಯುದ್ಧಕ್ಕೆ ಹೋಗಲ್ಲ ಅಂದ ಯುವಕರು ಸ್ವಇಚ್ಛೆಯಿಂದ ಕಜ್ಜಿ ರೋಗಿಗಳ ಕಂಬಳಿ ಹೊದ್ದು, ಅವರ ತೊಳೆಯದ ಒಳಬಟ್ಟೆ ತೊಟ್ಟು ಮಲಗಿದರು. ಕಜ್ಜಿ ಹತ್ತಿದ್ದು ಬಹಳ ಕಡಿಮೆ ಜನಕ್ಕೆ. ರೋಗಿಯ ಜೊತೆ ಒಂದೇ ಹಾಸಿಗೆಯಲ್ಲಿ ಮೈಗೆ ಮೈ ತಾಗಿಸಿ ಮಲಗಿದಾಗ ಸಲೀಸಾಗಿ ಹತ್ತಿತು. ಮೊದಲ ಸಲ ಹುಳ ಹತ್ತಿದವರಿಗೆ ವಾರಗಟ್ಟಲೆ ತುರಿಕೆ ಇರಲ್ಲ ಅನ್ನೋದು ಚೆನ್ನಾಗಿ ಗೊತ್ತಾಗಿದ್ದೂ ಅಲ್ಲೇ. ಮನುಷ್ಯನ ಮೈ ಬಿಟ್ಟರೆ ಹುಳ ಎರಡು ಮೂರು ದಿನ ಬದುಕಿದರೆ ಹೆಚ್ಚು. ಹಿಂದಿನ ಮೂರು ದಿನ ಬಳಸಿದ ಬಟ್ಟೆ, ಟವೆಲ್, ಹೊದಿಕೆಯನ್ನು ಚೆನ್ನಾಗಿ ಬಿಸಿ ಇರುವ ನೀರಲ್ಲಿ ಒಗೆದು ಬಿಸಿಲಿಗೆ ಹಾಕಿದರೆ ಆಯಿತು. ಒಗೆಯಲಾಗದ್ದನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಾಯಿ ಬಿಗಿದು ಒಂದು ವಾರ ಇಟ್ಟುಬಿಡಿ. ಮೈಮೇಲೆಲ್ಲ ಗಟ್ಟಿ ಹಕ್ಕಳೆ ಕಟ್ಟುವ ಇನ್ನೊಂದು ಬಗೆಯ ಕಜ್ಜಿ ಇದೆ, ಅದರಲ್ಲಿ ಹುಳಗಳು ಸಾವಿರ, ಲಕ್ಷದ ಲೆಕ್ಕದಲ್ಲಿರುತ್ತವೆ. ಅದರ ಮಾತು ಬೇರೆ, ಅದಕ್ಕೆ ಆಸ್ಪತ್ರೆಯೇ ಬೇಕು.

ಸರಿ, ಎರಡು ಸುತ್ತೂ ನೆಟ್ಟಗೆ ಮುಗಿಯಿತು. ಒಂದು ವಾರ ಕಳೆದು ಅಮ್ಮ ಮತ್ತೆ ಕೌಂಟರ್ ಮುಂದೆ. "ಇನ್ನೂ ತುರಿಸ್ತಾ ಇದೆ ಅಣ್ಣ. ಇನ್ನೊಂದ್ಸಲ ಹಚ್ಚಿಬಿಡ್ತೀವಿ."

ನಾನು ಕೊಡಲಿಲ್ಲ. ಹುಳ ಸತ್ತ ಕೂಡಲೇ ಅದು ಮೈಯಿಂದ ಉದುರಿ ಹೋಗುವುದಿಲ್ಲ. ನೆಂಟರು ಹೋದ ಮೇಲೂ ಎಂಜಲೆಲೆ ಅಲ್ಲೇ ಬಿದ್ದಿರುತ್ತವಲ್ಲ, ಹಾಗೆ ಸತ್ತ ಹುಳ, ಮೊಟ್ಟೆಯ ಚಿಪ್ಪು, ಹಿಕ್ಕೆ ಎಲ್ಲ ಬಿಲದಲ್ಲೇ ಉಳಿದಿರುತ್ತವೆ. ಮೇಲ್ಚರ್ಮ ತಾನಾಗಿ ಸವೆದು ಉದುರಿ ಹೊಸದು ಬರಬೇಕು. ಅದಕ್ಕೆ ವಾರಗಳು ಬೇಕು. ಅಲ್ಲಿಯವರೆಗೆ ಮೈ ಅವುಗಳ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಲೇ ಇರುತ್ತದೆ. ಔಷಧಿ ಹಚ್ಚಿದ ಮೊದಲ ಕೆಲವು ದಿನ ತುರಿಕೆ ಏರುವುದೂ ಉಂಟು. ಎರಡರಿಂದ ನಾಲ್ಕು ವಾರ, ಕೆಲವರಿಗೆ ಆರು ವಾರ ತುರಿಕೆ ಇರಬಹುದು. ಆಗ ಮತ್ತೆ ಮತ್ತೆ ಕ್ರೀಮ್ ಹಚ್ಚಿದರೆ ಚರ್ಮ ಒಣಗಿ, ಉರಿದು, ಕ್ರೀಮಿನಿಂದಲೇ ಹೊಸ ತುರಿಕೆ ಶುರು. ಅದನ್ನು ಕಜ್ಜಿ ಅಂದುಕೊಂಡು ಮತ್ತೆ ಹಚ್ಚುತ್ತಾರೆ. ಹೀಗೆ ಸುತ್ತುವವರನ್ನು ತುಂಬಾ ನೋಡಿದ್ದೇನೆ.

ಹಾಗಾದರೆ ಹುಳ ಸತ್ತಿದೆಯೋ ಇಲ್ಲವೋ ತಿಳಿಯೋದು ಹೇಗೆ? ತುರಿಕೆ ಇದೆಯಾ ಅಂತ ಕೇಳಬೇಡಿ, ಯಾವ ಕಡೆಗೆ ಹೋಗುತ್ತಿದೆ ನೋಡಿ. ವಾರದಿಂದ ವಾರಕ್ಕೆ ಇಳಿಯುತ್ತಾ, ಹಳೆ ಗುಳ್ಳೆ ಒಣಗುತ್ತಾ ಇದ್ದರೆ ಸುಮ್ಮನಿರಿ. ಕೊಬ್ಬರಿ ಎಣ್ಣೆ ಅಥವಾ ಒಳ್ಳೆ ಮಾಯಿಶ್ಚರೈಸರ್ ಹಚ್ಚಿ, ಉಗುರು ಕತ್ತರಿಸಿ. ರಾತ್ರಿ ನಿದ್ದೆಗೆ ತೊಂದರೆಯಾದರೆ ಡಾಕ್ಟರು ತುರಿಕೆಯ ಮಾತ್ರೆ ಕೊಡುತ್ತಾರೆ. ಹುಳ ಸತ್ತದ್ದು ಖಾತ್ರಿಯಾದ ಮೇಲೆ ಬೇಕಾದರೆ ಮೆತ್ತಗಿನ ಸ್ಟೀರಾಯ್ಡೂ ಬರೆಯುತ್ತಾರೆ. ಕಡಿಮೆಯಾಗಿ ಮತ್ತೆ ಏರಿದರೆ, ಹೊಸ ಜಾಗದಲ್ಲಿ ಹೊಸ ಗುಳ್ಳೆ, ಹೊಸ ಗೆರೆ ಕಂಡರೆ, ನಾಲ್ಕು ವಾರ ದಾಟಿದರೂ ಇದ್ದ ಹಾಗೇ ಇದ್ದರೆ, ಆಗ ಮತ್ತೆ ತೋರಿಸಿ. ಕೀವು, ಜ್ವರ ಬಂದರೆ ಅಷ್ಟು ದಿನ ಕಾಯಲೂಬೇಡಿ. ಕೆರೆದ ಗಾಯಕ್ಕೆ ಸೋಂಕು ತಗುಲಿ ಮಕ್ಕಳ ಕಿಡ್ನಿಗೂ ತೊಂದರೆ ಕೊಟ್ಟ ಉದಾಹರಣೆಗಳಿವೆ.

ಹುಡುಗನ ಗುಪ್ತಾಂಗದ ಹತ್ತಿರ ಎರಡು ಗಟ್ಟಿ ಗಂಟು ಉಳಿದವು. ಅಮ್ಮ ಗಾಬರಿಯಾಗಿದ್ದರು. ಅದೂ ಅಲರ್ಜಿಯದೇ ಉಳಿಕೆ, ತಿಂಗಳುಗಟ್ಟಲೆ ಇದ್ದು ತಾನಾಗಿ ಕರಗುತ್ತದೆ ಅಂದರಂತೆ ಡಾಕ್ಟರು.

ಇದನ್ನೆಲ್ಲ ಚೀಟಿಯ ಮೇಲೆ ಎರಡು ಸಾಲಿನಲ್ಲಿ ಬರೆದುಬಿಡಬಹುದು ಅನ್ನೋದು ನನ್ನ ತಕರಾರು. "ಮನೆಯವರೆಲ್ಲ ಒಂದೇ ರಾತ್ರಿ, ವಾರ ಬಿಟ್ಟು ಇನ್ನೊಮ್ಮೆ. ತುರಿಕೆ ಒಂದು ತಿಂಗಳು ಇರಬಹುದು, ಮತ್ತೆ ಹಚ್ಚಬೇಡಿ." ಡಾಕ್ಟರಿಗೆ ಪುರುಸೊತ್ತಿಲ್ಲದಿದ್ದರೆ ನಮ್ಮಂಥ ಅಂಗಡಿಯವರು ಟ್ಯೂಬಿನ ಡಬ್ಬಿ ಮೇಲೆ ಬರೆದುಕೊಡಬಹುದಲ್ವಾ? ನಾನು ಬರೆಯುತ್ತಿದ್ದೇನೆ.

ಜೂನ್‌ನಲ್ಲಿ ಹುಡುಗ ಹಾಸ್ಟೆಲ್‌ಗೆ ವಾಪಸ್ ಹೋದ. ಅವನ ರೂಮಿನಲ್ಲಿ ಹುಡುಗರು ಒತ್ತೊತ್ತಾಗಿ ಚಾಪೆ ಹಾಕಿಕೊಂಡು ಮಲಗುತ್ತಾರಂತೆ. ಆ ರೂಮಿನವರಿಗೆಲ್ಲ ಒಟ್ಟಿಗೆ ಹಚ್ಚಿಸದಿದ್ದರೆ ದಸರಾ ರಜೆಗೆ ಮತ್ತೆ ಹುಳ ಹೊತ್ತುಕೊಂಡೇ ಬರುತ್ತಾನೆ. ವಾರ್ಡನ್‌ಗೆ ಫೋನ್ ಮಾಡಿ ಹೇಳಿ ಅಂದಿದ್ದೆ. ಮಾಡಿದ್ದಾರೆ. "ನೋಡೋಣ" ಅಂದರಂತೆ.