‘ಚೀಟಿ ಬಂದಿಲ್ಲ’ ಎಂಬುದನ್ನು ಇಂಗ್ಲಿಷಿಗೆ ತಿದ್ದಿದವರಿಗೆ

ಇವತ್ತು ಮಧ್ಯಾಹ್ನ, ತಂತ್ರಾಂಶದ ದೋಷವೊಂದನ್ನು ದಾಖಲಿಸಿದ್ದ ನಮ್ಮ ತಂಡದ ಹಳೆಯ ಟಿಕೆಟ್ ಒಂದರ ತಿದ್ದುಪಡಿ ಇತಿಹಾಸವನ್ನು ತೆರೆದು ನೋಡಿದೆ. ಅಂದಿನಿಂದ ಇಂದಿನವರೆಗೆ ನಾವು ಯಾವುದನ್ನು ಪ್ರಿಂಟರಿನ ತಪ್ಪೆಂದು ದೂರುತ್ತಿದ್ದೆವೋ ಅದು ನಿಜಕ್ಕೂ ಒಂದು ವಾಕ್ಯವನ್ನು ಅಳಿಸಿದ್ದರ ತಪ್ಪಾಗಿತ್ತು ಎಂದು ಗೊತ್ತಾಗಿ ಸಂಕಟವಾಯಿತು, ಸಿಟ್ಟೂ ಬಂತು.

ನಾವು ಹಾಲಿನ ಸಂಘಗಳಿಗೆ ತಂತ್ರಾಂಶ ಮಾಡಿಕೊಡುವವರು ಎಂಬುದು ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ರೈತರು ಹಾಲು ಹಾಕುತ್ತಾರೆ, ಕಾರ್ಯದರ್ಶಿಗಳು ಲೀಟರು ಮತ್ತು ಫ್ಯಾಟು ನಮೂದಿಸಿ `Save` ಒತ್ತುತ್ತಾರೆ, ಚೀಟಿ ಬರುತ್ತದೆ. ಟಿಕೆಟ್ ಬರೆಯುವ ಪರೀಕ್ಷಕಿಯಿಂದ ಹಿಡಿದು ಅದನ್ನು ಪರಿಶೀಲಿಸುವ ಹಿರಿಯರವರೆಗೆ ನಮ್ಮ ತಂಡದಲ್ಲಿ ಎಲ್ಲರೂ ಕನ್ನಡ, ಇಂಗ್ಲಿಷ್ ಎರಡನ್ನೂ ಸರಾಗವಾಗಿ ಓದುವವರು. ಪರೀಕ್ಷಕಿ ಸಂಘಕ್ಕೇ ಹೋಗಿ, ಬೆಳಗಿನ ಪಾಳಿಯಲ್ಲಿ ನಿಂತು ನೋಡಿ, ಹೀಗೆ ಬರೆದಿದ್ದರು:

```
Save ಒತ್ತಿದರೂ ಚೀಟಿ ಬಂದಿಲ್ಲ. ಸ್ವಲ್ಪ ಕಾದು ಮತ್ತೆ
Save ಒತ್ತಿದರೆ ಎರಡು ಚೀಟಿ ಒಟ್ಟಿಗೆ ಬರುತ್ತವೆ,
ಕ್ರಮಸಂಖ್ಯೆ ಬೇರೆ ಬೇರೆ.
```

ಒಂದು ಗಂಟೆಯೊಳಗೆ ಯಾರೋ ಅದನ್ನು ‘ಸರಿಪಡಿಸಿ’ ಹೀಗೆ ಮಾಡಿದ್ದರು:

```
Slip not printing on Save
```

ಮೂಲದಲ್ಲಿರುವುದು ‘ಬಂದಿಲ್ಲ’. ಕನ್ನಡದಲ್ಲಿ ಚೀಟಿ ಬಂದಿಲ್ಲ, ಬರಲಿಲ್ಲ, ಬರುತ್ತಿಲ್ಲ, ಬರುವುದಿಲ್ಲ ಎಂಬ ನಾಲ್ಕೂ ಬೇರೆ ಬೇರೆ ಸಂಗತಿಗಳು. ‘ಬಂದಿಲ್ಲ’ ಎಂದರೆ ಈ ಹೊತ್ತಿನವರೆಗೆ ಬಂದಿಲ್ಲ, ಇನ್ನೂ ಬರಬಹುದು. ಆಗ ನೋಡಬೇಕಾದದ್ದು ಪ್ರಿಂಟರಿನ ಸರದಿಯಲ್ಲಿ ಕೆಲಸ ಕಾಯುತ್ತಾ ಕೂತಿದೆಯೇ ಎಂದು. ‘ಬರಲಿಲ್ಲ’ ಎಂದರೆ ಆ ಸಲದ ಕತೆ ಮುಗಿದಿದೆ. ಆ ನಿಮಿಷದ ಲಾಗ್ ತೆಗೆಯಬೇಕು. ‘ಬರುತ್ತಿಲ್ಲ’ ಎಂದರೆ ಮೊದಲು ಬರುತ್ತಿತ್ತು, ಈಗ ನಿಂತಿದೆ. ಯಾವಾಗಿನಿಂದ, ಏನು ಬದಲಾಯಿತು ಎಂದು ಕೇಳಬೇಕು. ‘ಬರುವುದಿಲ್ಲ’ ಎಂದರೆ ಎಷ್ಟು ಸಲ ಮಾಡಿದರೂ ಅಷ್ಟೇ. ಸೆಟ್ಟಿಂಗ್ಸಿನಲ್ಲೋ ಕೋಡಿನಲ್ಲೋ ಕಾರಣ ಖಾಯಂ ಆಗಿ ಕೂತಿರುತ್ತದೆ. ಕನ್ನಡದವರಾದ ನಾವು ಈ ವ್ಯತ್ಯಾಸವನ್ನು ವ್ಯಾಕರಣ ಓದಿ ಕಲಿತಿಲ್ಲ, ಅದು ಬಾಯಿಗೆ ತಾನಾಗಿ ಬರುತ್ತದೆ. ಇಂಗ್ಲಿಷಿನಲ್ಲಿಯೂ ಇವನ್ನು ಬೇರೆ ಬೇರೆಯಾಗಿ ಹೇಳಬಹುದು ಎಂಬುದನ್ನು ನಾನು ಬಲ್ಲೆ. ಆದರೆ ಟಿಕೆಟಿನ ಇಂಗ್ಲಿಷಿನಲ್ಲಿ ಯಾರೂ ಹೇಳುವುದಿಲ್ಲ. ಅಲ್ಲಿ ನಾಲ್ಕಕ್ಕೂ `not printing` ಒಂದೇ.

ಮುಂದೆ ಆದದ್ದನ್ನು ಕೇಳಿ. ಚೀಟಿ ಮುದ್ರಣವಾಗುತ್ತಲೇ ಇಲ್ಲ ಎಂದುಕೊಂಡ ಸಹೋದ್ಯೋಗಿ, ಪ್ರಿಂಟರಿನಿಂದ 5 ಸೆಕೆಂಡಿನಲ್ಲಿ ಉತ್ತರ ಬರದಿದ್ದರೆ ಚೀಟಿಯನ್ನು ಮತ್ತೆ ಕಳಿಸುವಂತೆ ಕೋಡ್ ಬರೆದರು. ಪರಿಶೀಲನೆ ಮಾಡಿದವರು ಟಿಕೆಟನ್ನು ಓದಿದರು, ಕೋಡನ್ನು ಓದಿದರು, ಎರಡೂ ಒಂದಕ್ಕೊಂದು ಹೊಂದುತ್ತವೆ ಎಂದು ಒಪ್ಪಿದರು. ಅವರ ತಪ್ಪೇನೂ ಇಲ್ಲ, ನಿಜವಾಗಿಯೂ ಹೊಂದುತ್ತಿದ್ದವು. ಆದರೆ ಸಂಘದಲ್ಲಿದ್ದ ಪ್ರಿಂಟರು ಕೆಟ್ಟಿರಲಿಲ್ಲ, ನಿಧಾನವಾಗಿತ್ತು ಅಷ್ಟೇ. ಮೊದಲ ಚೀಟಿ ಸರದಿಯಲ್ಲಿಯೇ ಇತ್ತು. ಹೊಸ ಕೋಡ್ ಹೋದ ಮೇಲೆ ಒಂದೇ ಸಲ ಒತ್ತಿದರೂ ಎರಡು ಚೀಟಿ ಬರತೊಡಗಿದವು.

ಅದಕ್ಕಿಂತ ದೊಡ್ಡ ನಷ್ಟ ಎರಡನೆಯ ವಾಕ್ಯವನ್ನು ಅಳಿಸಿದ್ದರಿಂದ ಆಯಿತು. ‘ಕ್ರಮಸಂಖ್ಯೆ ಬೇರೆ ಬೇರೆ’ ಎಂಬ ಮಾತು ಇದು ಮುದ್ರಣದ ದೋಷವೇ ಅಲ್ಲ ಎಂದು ಕೂಗಿ ಹೇಳುತ್ತಿತ್ತು. ಒಂದೇ ಚೀಟಿ ಎರಡು ಸಲ ಮುದ್ರಣವಾದರೆ ಕ್ರಮಸಂಖ್ಯೆಯೂ ಒಂದೇ ಇರುತ್ತದೆ, ಕಾಗದ ಮಾತ್ರ ದಂಡವಾಗುತ್ತದೆ. ಸಂಖ್ಯೆ ಬೇರೆಯಾಗಿದ್ದರೆ ಹಾಲೇ ಎರಡು ಸಲ ದಾಖಲಾಗಿದೆ, ನಾಲ್ಕೂವರೆ ಲೀಟರು ಹಾಕಿದವರ ಖಾತೆಯಲ್ಲಿ ಒಂಬತ್ತು ಲೀಟರು ಕೂತಿದೆ ಎಂದರ್ಥ. ಅದು ಬಟವಾಡೆಯ ಹೊತ್ತಿಗೆ, ಸಂಘದ ಒಟ್ಟು ಲೆಕ್ಕವು ಕ್ಯಾನಿನಲ್ಲಿ ಕಳಿಸಿದ ಹಾಲಿಗೆ ತಾಳೆಯಾಗದಾಗ ಕಾರ್ಯದರ್ಶಿಯವರಿಗೇ ಗೊತ್ತಾಯಿತು. ಊರಿನವರ ಮುಂದೆ ಆ ಮನುಷ್ಯ ಎಷ್ಟು ಮಾತು ಕೇಳಬೇಕಾಯಿತೋ, ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಕೊನೆಗೆ ಮಾಡಬೇಕಾಗಿದ್ದದ್ದು ಇಷ್ಟೇ: `Save` ಒತ್ತಿದ ಕೂಡಲೇ ಆ ಗುಂಡಿಯನ್ನು ನಿಷ್ಕ್ರಿಯಗೊಳಿಸಿ ‘ಚೀಟಿ ಬರುತ್ತಿದೆ, ಕಾಯಿರಿ’ ಎಂದು ತೋರಿಸುವುದು, ಮತ್ತು ಒಂದು ನಮೂದಿಗೆ ಒಂದೇ ಗುರುತು ಕೊಟ್ಟು, ಅದೇ ಗುರುತಿನ ನಮೂದು ಎರಡನೆಯ ಸಲ ಬಂದರೆ ಸ್ವೀಕರಿಸದಿರುವುದು.

ಹಾಗಾದರೆ ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯಬೇಕೆಂದು ನಾನು ಹೇಳುತ್ತಿಲ್ಲ. ಪರದೆಯ ಮೇಲೆ ಇಂಗ್ಲಿಷಿನಲ್ಲಿರುವುದು ಟಿಕೆಟಿನಲ್ಲಿಯೂ ಅದೇ ಅಕ್ಷರಗಳಲ್ಲಿ ಇರಬೇಕು. ಲಾಗಿನಲ್ಲಿ `timeout` ಎಂದಿದ್ದರೆ ಟಿಕೆಟಿನಲ್ಲಿ ಒಬ್ಬರು ಟೈಮೌಟ್, ಇನ್ನೊಬ್ಬರು ಟೈಮ್‌ಔಟ್ ಎಂದು ಬರೆಯಬಾರದು, ಏಕೆಂದರೆ ಆರು ತಿಂಗಳ ನಂತರ ಹುಡುಕುವವರಿಗೆ ಎರಡೂ ಸಿಗುವುದಿಲ್ಲ. ವಿಭಕ್ತಿ ಪ್ರತ್ಯಯವನ್ನು ಹೆಸರಿನ ಹೊರಗೆ ಇಡಬೇಕು: `slip_no`ಗೆ, `slip_no`ದಲ್ಲಿ ಎಂದು ಬರೆದರೆ ಹೆಸರು ಕೆಡುವುದಿಲ್ಲ, ನಕಲು ಮಾಡಿಕೊಂಡು ಕೋಡಿನಲ್ಲಿ ಹುಡುಕಬಹುದು. ಏನು ಮಾಡಿದಾಗ, ಎಷ್ಟು ಹೊತ್ತಿನ ನಂತರ, ಏನು ಕಂಡಿತು ಎಂಬುದನ್ನು ಮಾತ್ರ ಕಂಡವರ ಭಾಷೆಯಲ್ಲಿಯೇ ಬಿಡಬೇಕು. ‘ಒತ್ತಿದಾಗ’, ‘ಒತ್ತಿದರೆ’, ‘ಒತ್ತಿದರೂ’ ಎಂಬ ಮೂರರ ನಡುವಿನ ಅಂತರದಲ್ಲಿ ಎಷ್ಟೋ ಸಲ ದೋಷದ ಅರ್ಧ ವಿವರಣೆ ಇರುತ್ತದೆ.

ಹಾಗೆಯೇ ಕನ್ನಡವನ್ನು ಇಂಗ್ಲಿಷ್ ಲಿಪಿಯಲ್ಲಿ ಬರೆಯುವ ಅಭ್ಯಾಸವನ್ನೂ ನಾನು ಒಪ್ಪಲಾರೆ. `koneya entry` ಎಂದು ಬರೆದರೆ ಅದು ಕೊನೆಯ ನಮೂದೋ ಕೋಣೆಯ ನಮೂದೋ ಎಂದು ಓದುವವರು ಊಹಿಸಬೇಕು. `bandilla` ಎಂದು ಒಬ್ಬರು, `bandhilla` ಎಂದು ಇನ್ನೊಬ್ಬರು ಬರೆದರೆ ಹುಡುಕಾಟವೂ ಮುಗಿಯಿತು.

ನಾಳೆ ಕನ್ನಡ ಬಾರದವರು ತಂಡಕ್ಕೆ ಸೇರಿದರೆ ಏನು ಮಾಡುತ್ತೀರಿ ಎಂದು ಕೇಳುವವರಿದ್ದಾರೆ. ಅವರು ಸೇರಿದ ದಿನ ಟಿಕೆಟಿನ ಮೇಲ್ತುದಿಯಲ್ಲಿ ಎರಡು ಸಾಲು ಇಂಗ್ಲಿಷ್ ಸೇರಿಸೋಣ, ಮೂಲವನ್ನು ಕೆಳಗೆ ಹಾಗೆಯೇ ಇಡೋಣ. ಸೇರಿಸುವುದಕ್ಕೂ ಅಳಿಸುವುದಕ್ಕೂ ಬಹಳ ವ್ಯತ್ಯಾಸವಿದೆ. ಇನ್ನೂ ಬಾರದ ಒಬ್ಬರಿಗಾಗಿ, ಇವತ್ತು ಓದುತ್ತಿರುವ ಎಲ್ಲರಿಂದಲೂ ಕಂಡ ಸಂಗತಿಯನ್ನು ಮರೆಮಾಡುವುದು ಯಾವ ನ್ಯಾಯ?

ಒಂದು ಮಾತು ಹೇಳದೆ ಇರಲಾರೆ. ಇತಿಹಾಸದಲ್ಲಿ ಆ ತಿದ್ದುಪಡಿಯ ಪಕ್ಕದಲ್ಲಿ ಇದ್ದದ್ದು ನನ್ನದೇ ಹೆಸರು. ಗ್ರಾಹಕರ ಸಭೆಯಲ್ಲಿ ಪಟ್ಟಿ ಚೆನ್ನಾಗಿ ಕಾಣಲಿ ಎಂದು ಅಂದು ಒಂದೇ ಸಂಜೆ ಹನ್ನೊಂದು ಟಿಕೆಟುಗಳನ್ನು ನಾನು ಹೀಗೆ ಇಂಗ್ಲಿಷಿಗೆ ಇಳಿಸಿದ್ದೆ, ಬರೆದವರನ್ನು ಒಂದು ಮಾತೂ ಕೇಳದೆ. ಇವತ್ತು ಪರೀಕ್ಷಕಿಗೆ ಕರೆ ಮಾಡಿ ಕ್ಷಮೆ ಕೇಳಿದೆ. ‘ಸರ್, ಆವತ್ತು ನನ್ನ ಇಂಗ್ಲಿಷ್ ಸರಿಯಿಲ್ಲ ಅಂತಲೇ ತಿದ್ದಿದ್ದೀರಿ ಅಂದುಕೊಂಡೆ. ಆಮೇಲಿಂದ ಚಿಕ್ಕದಾಗಿಯೇ ಬರೀತಿದ್ದೀನಿ’ ಎಂದರು. ಹೌದು, ಆ ನಂತರದ ಅವರ ಟಿಕೆಟುಗಳೆಲ್ಲ ಒಂದೊಂದೇ ಸಾಲಿನವು. ಹನ್ನೊಂದರ ಮೂಲ ಬರಹಗಳನ್ನೂ ಇತಿಹಾಸದಿಂದ ತೆಗೆದು ಇವತ್ತು ಸಂಜೆ ಮರಳಿ ಹಾಕಿದ್ದೇನೆ. ಅವುಗಳಲ್ಲಿ ಮೂರು ಇನ್ನೂ ಬಗೆಹರಿದಿಲ್ಲ. ನಾಳೆ ಬೆಳಿಗ್ಗೆ ಅವರೊಂದಿಗೆ ಕೂತು ಓದಬೇಕು.